ಅಂಗೈಗೆ ಸಿಕ್ಕ ಡೋಲು

ಹೊನ್ನಾಳಿಯ ಕಸ್ತೂರಮ್ಮ ಸಂತೆಗೆ ಬಂದಿದ್ದಾಳೆ ಅಂತ ತಿಳಿಯಲು ಆಕೆಯನ್ನು ನೋಡಬೇಕಿರಲಿಲ್ಲ. ನ್ಯಾಮತಿಯಾಗಲಿ, ಸಂತೇಬೆನ್ನೂರಾಗಲಿ, ಜಗಳೂರಾಗಲಿ, ಸೊಪ್ಪಿನವರ ಸಾಲು ದಾಟುವ ಮೊದಲೇ ಆಕೆಯ ಪೀಪಿ ಕೇಳುತ್ತಿತ್ತು. ಗಂಡ ಬೈಲಪ್ಪ ಲಗೇಜ್ ಆಟೋದಿಂದ ಹಲಗೆಗಳನ್ನು ಇಳಿಸಿ, ಇಟ್ಟಿಗೆ ಮೇಲೆ ಜೋಡಿಸಿ ಆಟಿಕೆ ಅಂಗಡಿ ಕಟ್ಟುವಷ್ಟರಲ್ಲಿ ಕಸ್ತೂರಮ್ಮನ ಬಾಯಿ ಶುರುವಾಗಿಬಿಡುತ್ತಿತ್ತು. ಅಳುವ ಮಗು ಕಂಡರೆ ಗಿಲಕಿ ಅಲ್ಲಾಡಿಸುವಳು. ಮುಂದೆ ಹೋದ ಮಗುವನ್ನು ಪೀಪಿ ಊದಿ ಹಿಂದಕ್ಕೆ ತಿರುಗಿಸುವಳು. ಮಗು ತಿರುಗಿದರೆ ತಾಯಿ ನಿಂತಳು, ತಾಯಿ ನಿಂತರೆ ವ್ಯಾಪಾರ ಆಯಿತು. ಇಷ್ಟೇ ಆಕೆಯ ವಿದ್ಯೆ, ಅದರಲ್ಲಿ ಆಕೆಗೆ ಸೋಲು ಗೊತ್ತಿರಲಿಲ್ಲ.

ಸೋಲಿಸಿದ್ದು ಜಗಳೂರು ಸಂತೆಗೆ ಬಂದ ನಾಲ್ಕು ವರ್ಷದ ಒಂದು ಹುಡುಗಿ. ತಾಯಿ ಪಕ್ಕದ ಅಂಗಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದಳು, ಮಗು ಅವಳ ಸೆರಗು ಹಿಡಿದು ಅಂಗಡಿಗೆ ಬೆನ್ನು ಹಾಕಿ ನಿಂತಿತ್ತು. ಕಸ್ತೂರಮ್ಮ ಪೀಪಿ ಊದಿದಳು. ಮಗು ತಿರುಗಲಿಲ್ಲ. ಗಿಲಕಿ ಆಡಿಸಿದಳು, ಗುಲಾಬಿ ಗೊಂಬೆಯ ಹೊಟ್ಟೆ ಒತ್ತಿ ಕೀಂಯ್ ಅನಿಸಿದಳು. ಊಹೂಂ.

"ಏನವ್ವಾ ನಿನ್ನ ಮಗಳಿಗೆ ಇಷ್ಟೊಂದು ಗತ್ತು? ಪೀಪಿ ಊದಿ ಊದಿ ನನ್ನ ಕೆನ್ನೆ ಬಿದ್ದೋದ್ವು, ತಿರುಗೀನೂ ನೋಡವಲ್ಲಳಲ್ಲ!" ಅಂದಳು ನಗುತ್ತ.

ತಾಯಿ ಮಗುವಿನ ಜಡೆಯನ್ನು ಪಕ್ಕಕ್ಕೆ ಸರಿಸಿದಳು. ಕಿವಿಯ ಹಿಂದೆ ಹುಣಸೆಬೀಜದಷ್ಟು ಕಂದು ಬಣ್ಣದ ಮಿಷಿನ್ ಕೂತಿತ್ತು.

"ಕಿವಿ ಕೇಳಾಕಿಲ್ಲ ಅಮ್ಮಾ. ಹುಟ್ಟಿದಾಗಿಂದ. ಇದು ಹಾಕಿದ ಮ್ಯಾಲೆ ಒಂದೀಟು ಕೇಳ್ತೈತಂತೆ. ಆದ್ರೆ ಏನು ಸದ್ದು, ಎಲ್ಲಿಂದ ಬಂತು ಅಂತ ಅವಳಿಗಿನ್ನೂ ತಿಳಿಯಾಕಿಲ್ಲ."

ಕಸ್ತೂರಮ್ಮ ಗೊಂಬೆಯನ್ನು ಕೆಳಗಿಟ್ಟಳು. ಕೈ ಸುಮ್ಮನಿರದೆ ಹಲಗೆಯ ಮೇಲಿದ್ದ ಆಟಿಕೆ ಡೋಲನ್ನು ಟಕಟಕ ಬಡಿಯತೊಡಗಿತು.

ಆಗ ಮಗು ತಿರುಗಿತು. ಅದರ ಮೊಣಕೈ ಹಲಗೆಗೆ ತಾಗಿತ್ತು. ಕೈಯನ್ನು ಎಳೆದುಕೊಂಡು ನೋಡಿಕೊಂಡಿತು, ಮತ್ತೆ ಅಂಗೈ ಪೂರ್ತಿ ಹಲಗೆಗೆ ಊರಿತು. ಕಸ್ತೂರಮ್ಮ ಬಡಿಯುವುದನ್ನು ನಿಲ್ಲಿಸಿದಳು. ಮಗು ಮುಖ ಎತ್ತಿ ಆಕೆಯ ಕಣ್ಣನ್ನೇ ನೋಡಿತು, ಅವಳ ಕೈ ಹಿಡಿದು ತಂದು ಡೋಲಿನ ಮೇಲಿಟ್ಟಿತು. ಇನ್ನೊಮ್ಮೆ, ಅಂತ.

ಇನ್ನೊಮ್ಮೆ ಆಯಿತು, ಮತ್ತೂ ಇನ್ನೊಮ್ಮೆ ಆಯಿತು. ಬಂದ ಗಿರಾಕಿಗಳನ್ನು ಬೈಲಪ್ಪನೇ ನೋಡಿಕೊಂಡ. ಮಗುವಿನ ಹೆಸರು ಚೈತ್ರಾ, ತಾಯಿ ಪ್ರೇಮಲತಾ, ಊರು ಸೊಕ್ಕೆ ಅಂತ ಕಸ್ತೂರಮ್ಮ ಆಮೇಲೆ ಕೇಳಿ ತಿಳಿದಳು. ಡೋಲನ್ನು ಮಗುವಿನ ಕೈಯಲ್ಲೇ ಕಳಿಸಿದಳು. "ಬರೋ ವಾರ ಕರ್ಕೊಂಡು ಬಾರವ್ವ. ಇವಳಿಗೆ ಬೇಕಾದಂಥದ್ದು ಹುಡುಕಿ ತಂದಿರ್ತೀನಿ."

ಹುಡುಕಿ ತಂದದ್ದು ಎಂಥದ್ದು! ನಾಲ್ಕೂ ಕಡೆ ಕೆಂಪು ನೀಲಿ ದೀಪ ಮಿನುಗಿಸುತ್ತ ಗಿರಗಿರ ತಿರುಗುವ ಪೊಲೀಸ್ ಕಾರು. ಅದರ ಸೈರನ್‌ಗೆ ಸಂತೆಯ ನಾಯಿಗಳೆಲ್ಲ ಬೊಗಳಬೇಕು, ಅಷ್ಟು ಜೋರು. ಸದ್ದು ಹೆಚ್ಚಿದ್ದಷ್ಟೂ ಒಳ್ಳೆಯದು, ಒಂದಿಷ್ಟಾದರೂ ಒಳಗೆ ಹೋದೀತು ಅಂತ ಆಕೆಯ ಲೆಕ್ಕ. ಸ್ವಿಚ್ ಹಾಕಿ ಮಗುವಿನ ಕೆನ್ನೆಯ ಹತ್ತಿರ ಹಿಡಿದದ್ದೇ ತಡ, ಚೈತ್ರಾ ಕಿರುಚಿ ಎರಡೂ ಕಿವಿಯ ಮಿಷಿನ್ ಕಿತ್ತು ಎಸೆದು ತಾಯಿಯ ಸೀರೆಯೊಳಗೆ ಮುಖ ಹುದುಗಿಸಿದಳು.

ಆ ದಿನ ಪ್ರೇಮಲತಾಳ ಜೊತೆ ಅರುಣಾ ಮೇಡಂ ಬಂದಿದ್ದರು. ತಾಲೂಕಿನಲ್ಲಿ ಇಂಥ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕಿ ಅವರು. ಮಿಷಿನ್‌ಗಳನ್ನು ಎತ್ತಿ ಒರೆಸುತ್ತ, "ಕಸ್ತೂರಮ್ಮಾರೇ, ಕೇಳಾಕಿಲ್ಲ ಅಂದ್ರೆ ಏನೇನೂ ಕೇಳಾಕಿಲ್ಲ ಅಂತಲ್ಲರೀ. ಈ ಮಿಷಿನ್ನು ಸದ್ದನ್ನ ದೊಡ್ಡದು ಮಾಡ್ತೈತೆ. ಅದರ ಪಕ್ಕದಾಗೆ ಸೈರನ್ ಹಿಡಿದ್ರೆ ಕಿವಿಗೆ ಸೂಜಿ ಚುಚ್ಚಿದಂಗೆ ಆಗ್ತೈತೆ," ಅಂದರು.

ಕಸ್ತೂರಮ್ಮನ ಮುಖ ಸಪ್ಪಗಾಯಿತು. "ಅಯ್ಯೋ ನನ್ನ ಕೈ ಸೇದೋಗ! ಮಗೀನ ಅಳಿಸಿಬಿಟ್ನಲ್ಲರೀ."

"ದೀಪ ಒಳ್ಳೇದೇ ರೀ. ಕಣ್ಣಿಗೆ ಹೊಡೆಯೋ ಹಂಗೆ ಇರಬಾರ್ದು, ಅಷ್ಟೆ. ಇನ್ನೊಂದು ಮಾತು. ಆಟಿಕೆ ಕೊಟ್ಟು ಮೂಲೆಗೆ ಕೂರಿಸಾಕಲ್ಲ ನಾವು ಹುಡುಕ್ತಿರೋದು. ಹೋದ ವಾರ ಡೋಲು ಬಡಿದ್ರಲ್ಲ, ನಿಲ್ಲಿಸಿದಾಗ ಮಗು ನಿಮ್ಮ ಮುಖ ನೋಡ್ತಂತಲ್ಲ, ಅದು ಬೇಕು ನನಗೆ. ನೀವೊಮ್ಮೆ, ಅವಳೊಮ್ಮೆ. ಕಾಯೋದು, ನೋಡೋದು, ಕೇಳಿ ಪಡೆಯೋದು. ಮಾತು ಶುರುವಾಗೋದೇ ಅಲ್ಲಿಂದ. ಬಾಯಾಗಾದ್ರೂ ಸರಿ, ಕೈಯಾಗಾದ್ರೂ ಸರಿ."

ಕಸ್ತೂರಮ್ಮ ಕಾರನ್ನು ಆಟೋದೊಳಗೆ ಎಸೆದಳು. ಅಂದಿನಿಂದ ತನ್ನ ಅಂಗಡಿಯನ್ನೇ ಹೊಸ ಕಣ್ಣಿನಿಂದ ನೋಡತೊಡಗಿದಳು. ಮನೆಯಲ್ಲಿ ಎರಡು ಕಿವಿಗೂ ಹತ್ತಿ ತುರುಕಿಕೊಂಡು, ಹೊಸ ಮಾಲಿನ ಚೀಲ ಸುರಿದುಕೊಂಡು ಕೂರುವಳು. ಬೈಲಪ್ಪ ಊಟಕ್ಕೆ ಕರೆದರೆ ಉತ್ತರವಿಲ್ಲ. ಕೊನೆಗೆ ಅವನು ಭುಜ ಮುಟ್ಟಿ, ಕೈಬೆರಳನ್ನು ಬಾಯಿಗೆ ತೋರಿಸಬೇಕು. "ನಿನಗೆ ಹತ್ತಿ, ನನಗೆ ಮೂಕಾಭಿನಯ. ಚೆನ್ನಾಗೈತೆ ಸಂಸಾರ," ಅಂತ ಗೊಣಗುವನು. ಆದರೂ ಆಕೆ ಕೇಳಿದ ತಗಡು, ದಾರ, ತಂತಿ ಎಲ್ಲ ತಂದುಕೊಡುವನು.

ಹತ್ತಿ ಇಟ್ಟುಕೊಂಡಾಗ ಗಿಲಕಿ ಸತ್ತುಹೋಯಿತು. ಆದರೆ ದೊಡ್ಡ ಗುಂಡಿಗೆ ದಾರ ಪೋಣಿಸಿ ಮಾಡುವ ಗಿರಗಿಟ್ಲೆ ಬದುಕಿತು. ದಾರ ಹುರಿ ಮಾಡಿ ಎಳೆದು ಬಿಟ್ಟರೆ ಗುಂಡಿ ಗುಂಯ್ಯನೆ ತಿರುಗಿ, ಆ ಗುಂಯ್ ಬೆರಳುಗಳಿಗೇ ಬಂದು ಕಚಗುಳಿ ಇಡುತ್ತಿತ್ತು. ಗುಂಡಿಗೆ ಅರ್ಧ ಹಳದಿ, ಅರ್ಧ ಕೆಂಪು ಬಳಿದರೆ ತಿರುಗುವಾಗ ಕಿತ್ತಳೆ ಛಾಯೆ ಹೊಮ್ಮುತ್ತಿತ್ತು. ಡೋಲಿನ ಮೇಲೆ ನಾಲ್ಕು ಜೋಳದ ಕಾಳು ಹಾಕಿ ಬಡಿದರೆ ಕಾಳು ಕುಣಿದವು. ಮೆಲ್ಲಗೆ ಬಡಿದರೆ ಮೆಲ್ಲಗೆ, ಜೋರಾದರೆ ನೆಲಕ್ಕೇ ಹಾರಿದವು. ಬಲೂನ್ ಊದಿ ಎರಡು ಕೈಯಲ್ಲಿ ಹಿಡಿದುಕೊಂಡು, ಬೈಲಪ್ಪನಿಗೆ ಅದರ ಆಚೆ ತುಟಿ ತಾಗಿಸಿ ಮಾತಾಡ್ರಿ ಅಂದಳು.

"ಏನಂತ ಮಾತಾಡ್ಲಿ?" ಅಂತ ಅವನು ಕೈಸನ್ನೆಯಲ್ಲೇ ಕೇಳಿದ.

"ಏನಾರ ಅನ್ರಿ."

"ಸಾರು ತಣ್ಣಗಾಯ್ತು ಕಣೇ!" ಅಂದ ಅವನು. ಅವನ ಗಡಸು ದನಿ ಬಲೂನಿನಲ್ಲಿ ನಡುಗಿ ಆಕೆಯ ಅಂಗೈಗೆ ಬಂತು. ಕಸ್ತೂರಮ್ಮ ಜೋರಾಗಿ ನಕ್ಕಳು.

ಸಂತೆಯಲ್ಲಿ ಕಸ್ತೂರಮ್ಮನಿಂದ ಬಲೂನಿನ ಆಟ ಕಲಿತ ದಿನ ಚೈತ್ರಾ ತಾಯಿಯನ್ನು ಬಿಡಲೇ ಇಲ್ಲ. ಬಲೂನ್ ಹಿಡಿದುಕೊಂಡು, ತಾಯಿಯ ಬಾಯಿಗೆ ತಂದು ಒತ್ತಿ ಕಾದಳು. ಪ್ರೇಮಲತಾ "ಚೈತ್ರಾ" ಅಂದಳು. ಮಗು ಕಣ್ಣರಳಿಸಿ ಬಲೂನನ್ನು ತನ್ನ ಬಾಯಿಗಿಟ್ಟುಕೊಂಡು "ಆ... ಆ" ಅಂದಿತು, ಮತ್ತೆ ತಾಯಿಯ ಕಡೆ ನೀಡಿತು. "ಬಲೂನು ಒಡೆದ್ರೆ ಚೂರು ಬಾಯಿಗೆ ಹೋಗದಂಗೆ ನೋಡ್ಕೊಳ್ರಿ, ನೀವು ಪಕ್ಕದಾಗೇ ಇರ್ರಿ," ಅಂದರು ಅರುಣಾ ಮೇಡಂ. ಪ್ರೇಮಲತಾ ಕೇಳಿಸಿಕೊಂಡಳೋ ಇಲ್ಲವೋ. ಸಂತೆಯ ನಡುವೆ ಕುಕ್ಕರಗಾಲಲ್ಲಿ ಕೂತು, ಮಗಳ ಹೆಸರನ್ನು ಬಲೂನಿಗೆ ಹೇಳುತ್ತಲೇ ಇದ್ದಳು.

ಬೇಸಿಗೆ ರಜೆಗೆ ಮೊದಲು ಅರುಣಾ ಮೇಡಂ ಜಗಳೂರಿನ ಒಂದು ಶಾಲೆಯಲ್ಲಿ ಇಂಥ ಮಕ್ಕಳಿಗೂ ಅವರ ಅಣ್ಣತಮ್ಮ, ಅಕ್ಕತಂಗಿಯರಿಗೂ ಆಟದ ದಿನ ಇಟ್ಟುಕೊಂಡರು. "ಆಟ ಆಡಿಸಾಕೆ ನೀವು ಬರಬೇಕು," ಅಂದರು. ಕಸ್ತೂರಮ್ಮ ಹೊಸ ಸೀರೆ ಉಟ್ಟು ಗಂಡನ ಜೊತೆ ಆಟೋ ಹತ್ತಿದಳು. ಕೂಗಿ ಕರೆಯದೆ ಇಷ್ಟು ಮಕ್ಕಳನ್ನು ಹಿಡಿಯುವುದು ಹೆಂಗೆ?

ಡೋಲು ಬಡಿಯುವಾಗ ನಡೆಯಬೇಕು, ಬಡಿತ ನಿಂತಾಗ ತಟ್ಟನೆ ಕೂರಬೇಕು, ಕೂರದವರು ಔಟ್. ಇದು ಆಟ. ದೊಡ್ಡ ಡೋಲನ್ನು ನೆಲಕ್ಕೆ ಇಟ್ಟು ಬಡಿದಳು. ಕಿವಿ ಕೇಳುವ ಮಕ್ಕಳು ನಡೆದವು. ಚೈತ್ರಾಳಂಥವರು ಅವರನ್ನು ನೋಡಿ ನಡೆದರು, ಅವರು ಕೂತ ಮೇಲೆ ಕೂತರು, ತಡವಾಯಿತು ಅಂತ ಔಟಾದರು. ಮತ್ತೆ ಆಡಿಸಿದರೂ ಅದೇ ಕತೆ. ಚೈತ್ರಾ ಗೋಡೆಗೆ ಒರಗಿ ನಿಂತಳು.

ಕಸ್ತೂರಮ್ಮ ಚಪ್ಪಲಿ ಬಿಟ್ಟು ನೆಲಕ್ಕೆ ಕಾಲೂರಿ, ಬಡಿ ಅಂತ ಗಂಡನಿಗೆ ಸನ್ನೆ ಮಾಡಿದಳು. ಏನೂ ಇಲ್ಲ. ಸಿಮೆಂಟು ನೆಲ ಸದ್ದನ್ನು ನುಂಗಿಕೊಂಡು ಕಲ್ಲಿನಂತೆ ಬಿದ್ದಿತ್ತು.

"ಮೇಡಂ, ತಪ್ಪು ಮಕ್ಕಳದಲ್ಲ, ನೆಲದ್ದು! ರೀ, ಹಲಗೆ ತರ್ರಿ."

ಬೈಲಪ್ಪ ಆಟೋದಿಂದ ಅಂಗಡಿಯ ಅಗಲ ಹಲಗೆಗಳನ್ನು ತಂದು, ಕೆಳಗೆ ರೀಪಿನ ಮರಪಟ್ಟಿ ಕೊಟ್ಟು ಅಲ್ಲಾಡದಂತೆ ಜೋಡಿಸಿದ. ಡೋಲು ಒಂದು ತುದಿಗೆ ಕೂತಿತು. ಮಕ್ಕಳೆಲ್ಲ ಬರಿಗಾಲಲ್ಲಿ ಹಲಗೆ ಏರಿದರು. ಕೇಳುವವರೂ ಕಾಲಲ್ಲೇ ಆಡಲಿ ಅಂತ ಅರುಣಾ ಮೇಡಂ ಅವರ ಕಿವಿಗೆ ಹತ್ತಿ ಇಟ್ಟರು. ಯಾರೂ ಕದ್ದು ನೋಡದಂತೆ ಡೋಲಿಗೆ ಟವೆಲ್ಲು ಮರೆ ಕಟ್ಟಿದರು.

ಈಗ ಆಟಕ್ಕೆ ಬೇರೆಯೇ ಕಳೆ ಬಂತು. ಡೋಲು ನಿಂತೊಡನೆ ಚೈತ್ರಾ ದಪ್ಪನೆ ಕೂರುವಳು, ಅಕ್ಕಪಕ್ಕದವರು ಇನ್ನೂ ಒಂದು ಹೆಜ್ಜೆ ಇಡುತ್ತಿರುವರು. ಒಬ್ಬೊಬ್ಬರೇ ಔಟಾಗಿ ಕೊನೆಗೆ ಉಳಿದದ್ದು ಚೈತ್ರಾ ಮತ್ತು ಅವಳ ಅಣ್ಣ ನಿಂಗರಾಜ. ಕಸ್ತೂರಮ್ಮ ಬಡಿದಳು, ನಿಲ್ಲಿಸಿದಳು. ನಿಂಗರಾಜ ಕೂತ. ಚೈತ್ರಾ ನಡೆಯುತ್ತಲೇ ಇದ್ದಳು.

"ಔಟ್!" ಅಂತ ಎಲ್ಲರೂ ಕೈ ಬೀಸಿದರು. ಚೈತ್ರಾ ತಲೆ ಆಡಿಸಿದಳು, ಇಲ್ಲ. ಅಣ್ಣ ಕೈ ಹಿಡಿದು ಇಳಿಸಲು ಬಂದ, ಅವನನ್ನು ತಳ್ಳಿದಳು. ಕಾಲಿನತ್ತ ತೋರಿಸಿದಳು, ಡೋಲಿನತ್ತ ತೋರಿಸಿದಳು, ಗಾಳಿಯಲ್ಲಿ ಬೆರಳು ಕುಣಿಸಿ, ಇನ್ನೂ ಬರುತ್ತಿದೆ, ಇನ್ನೂ ಬರುತ್ತಿದೆ ಅಂದಳು. ಮುಖ ಕೆಂಪಾಗಿತ್ತು.

"ಸುಮ್ನೆ ಇಳಿಯೇ, ಮೊಂಡಾಟ ಮಾಡಬ್ಯಾಡ," ಅಂತ ಪ್ರೇಮಲತಾ ಎದ್ದಳು.

ಅರುಣಾ ಮೇಡಂ ಅವಳನ್ನು ತಡೆದು ಟವೆಲ್ಲು ಸರಿಸಿದರು. ಡೋಲು ಸುಮ್ಮನಿತ್ತು. ಆದರೆ ಕಸ್ತೂರಮ್ಮನ ಬಲಗೈಯ ಕೋಲಿನ ತುದಿ ಹಲಗೆಗೆ ತಾಗಿತ್ತು. ಯಾರು ಗೆದ್ದಾರು ಅಂತ ನೋಡುವ ಭರದಲ್ಲಿ ಆಕೆ ಅದನ್ನು ಟುಕುಟುಕು ಆಡಿಸುತ್ತಲೇ ಇದ್ದಳು.

ಕಸ್ತೂರಮ್ಮ ಕೋಲು ಕೆಳಗೆ ಹಾಕಿ ಎದ್ದು ನಿಂತು ತನ್ನ ಎರಡೂ ಕಿವಿ ಹಿಡಿದು ಬಸ್ಕಿ ಹೊಡೆದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಚೈತ್ರಾ ಮಾತ್ರ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ತಪ್ಪು ಮಾಡಿದವರನ್ನು ನೋಡುವ ಹಾಗೆ ಆಕೆಯನ್ನು ನೋಡಿ, ಇನ್ನೂ ಒಂದು, ಅಂತ ಬೆರಳು ತೋರಿಸಿದಳು. ಕಸ್ತೂರಮ್ಮ ಇನ್ನೂ ಒಂದು ಹೊಡೆದಳು.

"ಜಗಳ ಆಡಿದ್ಲು ನೋಡ್ರಿ ಮೇಡಂ," ಅಂದಳು ಪ್ರೇಮಲತಾ. ಅವಳ ಕಣ್ಣು ತುಂಬಿತ್ತು. "ಯಾವಾಗ್ಲೂ ಅಳೋದು, ಇಲ್ಲಾ ಮೂಲೆ ಸೇರೋದು. ಇವತ್ತು ನನ್ನದೇ ಸರಿ ಅಂತ ನಿಂತು ಜಗಳ ಆಡಿದ್ಲು!"

ಈಗಲೂ ಕಸ್ತೂರಮ್ಮ ಸಂತೆಗೆ ಬರುತ್ತಾಳೆ, ಪೀಪಿಯೂ ಇದೆ, ಬಾಯಿಯೂ ಇದೆ. ಆದರೆ ತಿರುಗದ ಮಗುವನ್ನು ಕಂಡರೆ ಎದ್ದು ಹೋಗಿ, ಎದುರಿಗೆ ಕೂತು, ಕಣ್ಣಿಗೆ ಕಾಣುವಂತೆ ಕೈ ಬೀಸುತ್ತಾಳೆ. ಸಂತೇಬೆನ್ನೂರಿನಿಂದ ಒಬ್ಬರು, ಸೂರಗೊಂಡನಕೊಪ್ಪದಿಂದ ಇನ್ನೊಬ್ಬರು ಮಗುವನ್ನು ಎತ್ತಿಕೊಂಡು ಬಂದು ಗಿರಗಿಟ್ಲೆ ಕೇಳುತ್ತಾರೆ. ದಾರ ಕುತ್ತಿಗೆಗೆ ಸುತ್ತಿಕೊಳ್ಳದಂತೆ, ಗುಂಡಿ ಬಾಯಿಗೆ ಹಾಕದಂತೆ ನೋಡಿಕೊಳ್ಳಿ ಅಂತ ಹೇಳಿಯೇ ಕೊಡುತ್ತಾಳೆ.

ಚೈತ್ರಾ ಶಾಲೆಗೆ ಸೇರಿದ್ದಾಳೆ. ಕೈಮಾತಿನಲ್ಲಿ ತನ್ನವರಿಗೆಲ್ಲ ಒಂದೊಂದು ಸನ್ನೆಯ ಹೆಸರು ಇಟ್ಟಿದ್ದಾಳೆ. ಒಂದು ಸಂತೆಯ ದಿನ ಜೊತೆಯ ಹುಡುಗಿಯನ್ನು ಎಳೆದು ತಂದು ಅಂಗಡಿಯ ಮುಂದೆ ನಿಲ್ಲಿಸಿ, ಕಸ್ತೂರಮ್ಮನಿಗೆ ಮೂಗುತಿ ಇರುವ ಜಾಗವನ್ನು ತನ್ನ ಮೂಗಿನ ಮೇಲೆ ಮುಟ್ಟಿಕೊಂಡು ಎರಡು ಕಿವಿ ಹಿಡಿದು ಒಂದು ಬಸ್ಕಿ ಹೊಡೆದು ತೋರಿಸಿದಳು.

"ಏನಂತೆ?" ಅಂದ ಬೈಲಪ್ಪ.

"ನನ್ನ ಹೆಸರು," ಅಂದಳು ಕಸ್ತೂರಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಕರೀತಾವಳೆ ನನ್ನ."