ಎಲ್ಲರನ್ನೂ ಕೋಣೆಗೆ ಕಳಿಸಿದ ಮೇಲೆ

ಮೆಂತೆಸೊಪ್ಪು ಬಿಡಿಸುತ್ತ ಕೂತಿದ್ದಾಗ ಸಂಘದ ಟೀಚರಮ್ಮನ ಫೋನ್ ಬಂತು.

“ಅಕ್ಕಾರ, ನಮ್ಮ ಕಡೆ ಕರೆಂಟ್ ಹೋಗೇತಿ. ಇವತ್ತಿನ ಕೋಣೆಗಳು ನಿಮ್ಮ ಕೈಯಾಗ.”

“ಅಯ್ಯ, ನಂಗೆಲ್ಲಿ ಬರ್ತೈತ್ರಿ ಅದು?”

“ನಿನ್ನೆ ಕಲ್ತೀರಲ್ಲ. ಲ್ಯಾಪ್‌ಟಾಪ್ ನಿಮ್ಮ ಮನ್ಯಾಗ ಐತಿ, ದೇವರು ನಿಮ್ಮ ಮನ್ಯಾಗ ಅದಾನ. ಇನ್ನೇನು ಬೇಕ್ರಿ?”

ನಾಲ್ಕು ತಾಲೂಕಿನ ಹೆಂಗಸರಿಗೆ ಕೌದಿ ಹೊಲಿಗೆಯ ಕಾರ್ಯಾಗಾರ, ಫೋನಿನಲ್ಲೇ. ಮೊದಲು ಎಲ್ಲರೂ ಒಂದೇ ಪರದೆಯಲ್ಲಿ ಸೇರುವುದು, ಆಮೇಲೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂದು ಪರದೆಯ ಮೇಲಿನ ನಾಲ್ಕು ಕೋಣೆಗಳಿಗೆ ಹಂಚುವುದು; ಒಂದು ಕೋಣೆಯ ಮಾತು ಇನ್ನೊಂದಕ್ಕೆ ಕೇಳಿಸದು. ಇ-ಮೇಲ್ ಇದ್ದವರನ್ನು ಹಿಂದಿನ ದಿನವೇ ಕೋಣೆಗೆ ಹಾಕಿಡಬಹುದಂತೆ. ನಮ್ಮವರಲ್ಲಿ ಯಾರಿಗಿದೆ ಇ-ಮೇಲ್? ಅದಕ್ಕೆ ಯಾರು ಯಾವ ಕೋಣೆ ಎಂದು ಹಾಳೆಯಲ್ಲಿ ಬರೆದುಕೊಂಡಿದ್ದೆ.

ದೇವರಿಗೆ ಕೈಮುಗಿದು ಅರ್ಧ ತಾಸು ಮೊದಲೇ ಕೂತೆ. ಯಜಮಾನರು ಕಾಗದದ ಕಾರ್ಖಾನೆಯಲ್ಲಿ ಡ್ಯೂಟಿಯಲ್ಲಿದ್ದರು. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಹಗಲಿಡೀ ಮನೆಯಲ್ಲಿ ನನ್ನದೊಂದೇ ಉಸಿರು. ನಮ್ಮ ಓಣಿಯಲ್ಲಿ ಕರೆಂಟ್ ಇತ್ತು, ಅದೂ ಆ ದೇವರ ಉಪಕಾರ. ನಾಲ್ಕು ಕೋಣೆ ಮಾಡಿ ಹೆಸರಿಟ್ಟೆ. ‘ತಾನಾಗಿಯೇ ಒಳಗೆ ಕಳಿಸು’ ಎಂಬುದಕ್ಕೂ ಗುರುತು ಹಾಕಿದೆ. ಇಲ್ಲದಿದ್ದರೆ ಹೆಂಗಸರ ಫೋನಿನಲ್ಲಿ ಇಂಗ್ಲಿಷಿನಲ್ಲಿ ಏನೋ ಕೇಳುತ್ತದೆ, ಅವರು ಒತ್ತದೇ ಕೂತುಬಿಡುತ್ತಾರೆ.

ನನಗಿದ್ದದ್ದು ಒಂದೇ ಚಿಂತೆ, ಜೋಯಿಡಾ ಕಡೆಯ ಒಬ್ಬ ಅಕ್ಕನದು. ಆಕೆಯ ಮಾತು ಕೊಂಕಣಿ. ಹಿಂದಿನ ಸಲ ಬೇರೆ ಕೋಣೆಗೆ ಬಿದ್ದು, ಒಂದು ಮಾತೂ ಆಡದೆ ಕೂತು, ಇನ್ನು ಬರುವುದಿಲ್ಲ ಎಂದಿದ್ದರು. ಈ ಸಲ ಕೊಂಕಣಿ ಬಲ್ಲವರ ಕೋಣೆಗೇ ಹಾಕಿಸುತ್ತೇನೆ ಎಂದು ನಾನೇ ಮಾತು ಕೊಟ್ಟು ಒಪ್ಪಿಸಿದ್ದೆ.

ಒಬ್ಬೊಬ್ಬರಾಗಿ ಬಂದರು. ಬಂದ ಹಾಗೆ ಹಾಳೆ ನೋಡಿ ಕೋಣೆಗೆ ಸೇರಿಸುತ್ತ ಹೋದೆ. ಕ್ಯಾಮೆರಾ ಯಾರೂ ಹಾಕಿರಲಿಲ್ಲ, ನೆಟ್ ಖರ್ಚಾಗುತ್ತದೆಂದು. ಹೆಚ್ಚಿನವು ಗಂಡಂದಿರ ಫೋನು, ಪರದೆಯ ಚೌಕದಲ್ಲಿ ಗಂಡಂದಿರದೇ ಹೆಸರು. ಹಾಳೆಯಲ್ಲೂ ಹಾಗೇ ಬರೆದುಕೊಂಡಿದ್ದೆ. ಕೊನೆಗೆ ಒಂದೇ ಹೆಸರಿನ ಎರಡು ಚೌಕ ಉಳಿದವು. ಒಂದು ಹಳಿಯಾಳದವರದು, ಒಂದು ಜೋಯಿಡಾದ ಅಕ್ಕನದು.

“ಇಬ್ಬರೂ ಚೌಕದಾಗಿನ ಹೆಸರು ಒಂದ್ಸಲ ಹೇಳ್ರಿ, ದನಿ ಗುರುತು ಹಿಡೀತೇನಿ,” ಎಂದೆ.

ಇಬ್ಬರೂ ಬಾಯಿ ಬಿಡಲಿಲ್ಲ. ಮುಂಡಗೋಡದಿಂದ ಒಬ್ಬಾಕೆ, “ಗಂಡನ ಹೆಸರು ಯಾರರ ಬಾಯಿಬಿಟ್ಟು ಹೇಳ್ತಾರೇನ್ರಿ? ಮೊದಲ ನಿಮ್ಮವರದು ನೀವು ಹೇಳ್ರಿ, ಕೇಳೂಣು!” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಿಮ್ಮ ಊರು ಯಾವುದು ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಅದು ಹೊಳೆಯಲೇ ಇಲ್ಲ. ಹೊತ್ತಾಯಿತೆಂದು ಅಂದಾಜಿನ ಮೇಲೆ ಒಂದನ್ನು ಹಳಿಯಾಳಕ್ಕೆ, ಒಂದನ್ನು ಜೋಯಿಡಾಕ್ಕೆ ಹಾಕಿ ಕೋಣೆ ತೆರೆದೆ.

ಚೌಕಗಳೆಲ್ಲ ಒಮ್ಮೆಲೇ ಮಾಯವಾದವು. ಪರದೆಯ ತುಂಬ ನನ್ನ ಮುಖ ಒಂದೇ ಉಳಿಯಿತು. ಕೋಣೆಗಳಲ್ಲಿ ಎಲ್ಲರೂ ಮಾತಾಡುತ್ತಿದ್ದಾರೆ, ನನಗೆ ಏನೂ ಕೇಳಿಸದು. ನಲವತ್ತು ಮಂದಿಗೆ ಜೊತೆ ಹುಡುಕಿಕೊಟ್ಟು ನಾನೊಬ್ಬಳೇ ಪಡಸಾಲೆಯಲ್ಲಿ ಕೂತಂತೆ.

ಅಷ್ಟರಲ್ಲಿ ಜೋಯಿಡಾ ಕೋಣೆಯಿಂದ ಸಹಾಯದ ಕರೆ ಬಂತು. ಒಳಗೆ ಹೋದೆ.

“ಅಕ್ಕಾರ, ನಾ ಹಳಿಯಾಳದಾಕಿ. ಇವರ ಮಾತು ನಂಗ ಒಂದೂ ತಿಳೀವಲ್ದು!”

ಅವರನ್ನು ಹಳಿಯಾಳದ ಕೋಣೆಗೆ ಸರಿಸಿದೆ. ಅಲ್ಲಿನ ಪಟ್ಟಿ ನೋಡಿದರೆ ಜೋಯಿಡಾದ ಅಕ್ಕ ಇರಲಿಲ್ಲ. ಸಭೆಯಿಂದಲೇ ಹೊರಗೆ ಹೋಗಿದ್ದರು. ಪರದೆಯ ಪಡಸಾಲೆಗೆ ಮರಳಿ ಬಂದು ಅಕ್ಕನಿಗೆ ಫೋನ್ ಮಾಡಿದೆ.

“ನಾಕಾ ಬಾಯಿ, ಬೇಡ. ಅವರು ಬೇಗ ಬೇಗ ಮಾತಾಡ್ತಾರೆ.”

“ತಪ್ಪು ನಂದ್ರಿ ಅಕ್ಕಾ. ಒಂದ ಸಲ ಲಿಂಕ್ ಒತ್ರಿ. ನಿಮ್ಮ ಮಾತಿನವರು ಕಾಯಾಕತ್ತಾರ.”

ಅವರು ಫೋನ್ ಇಟ್ಟರು. ಆಮೇಲೆ ನನ್ನ ಮುಖದ ಪಕ್ಕ ಇನ್ನೊಂದು ಚೌಕ ಮೂಡಿತು. ಮರಳಿ ಬಂದವರು ಮೊದಲು ಬರುವುದು ನಾನಿರುವಲ್ಲಿಗೇ. ಅಕ್ಕ ಕ್ಯಾಮೆರಾ ಹಾಕಿದರು. ನೆರೆತ ತಲೆ, ಮಡಿಲಲ್ಲಿ ಅರ್ಧ ಹೊಲಿದ ಕೌದಿ. ಅದನ್ನೆತ್ತಿ ನನಗೆ ತೋರಿಸಿದರು. ಹಳೇ ಸೀರೆಯ ತುಂಡುಗಳ ಮೇಲೆ ಹೊಲಿಗೆ ಇರುವೆ ಸಾಲಿನಷ್ಟು ಸಣ್ಣಗೆ ಹೋಗಿತ್ತು. “ಭಾಳ ಚಂದ ಆಗೇತ್ರಿ,” ಎಂದೆ. ತಿಳಿಯಿತೋ ಇಲ್ಲವೋ, ನಕ್ಕರು.

ಆಗಲೇ ಕಳಿಸಬೇಕಿತ್ತು. ನಿಜ ಹೇಳುತ್ತೇನೆ, ಕಳಿಸಲಿಲ್ಲ. ಹಗಲು ಹೊತ್ತಿನಲ್ಲಿ ಎದುರಿಗೆ ಕೂತು ನನ್ನನ್ನು ನೋಡಿ ನಕ್ಕವರನ್ನು ಕಂಡು ಎಷ್ಟು ದಿನವಾಗಿತ್ತೋ. ಅವರ ಚೌಕದ ಹೆಸರನ್ನು ‘ಜೋಯಿಡಾ ಅಕ್ಕ’ ಎಂದು ಬದಲಿಸಿದೆ, ಬೇಕಂತಲೇ ನಿಧಾನವಾಗಿ. ನಂತರ ಮನಸ್ಸಿನಲ್ಲೇ ದೇವರ ಹೆಸರು ಹೇಳಿ ಜೋಯಿಡಾ ಕೋಣೆಗೆ ಕಳಿಸಿದೆ. ಪರದೆಯಲ್ಲಿ ಮತ್ತೆ ನಾನೊಬ್ಬಳೇ.

ಕೋಣೆ ಮುಚ್ಚುವ ಮೊದಲು, ಇನ್ನು ಐದೇ ನಿಮಿಷ ಎಂದು ಎಲ್ಲ ಕೋಣೆಗೂ ಬರೆದು ಕಳಿಸಿದೆ. ಮುಚ್ಚಲು ಒತ್ತಿದಾಗ ಪರದೆ ಅರವತ್ತರಿಂದ ಕೆಳಗೆ ಎಣಿಸಿತು. ಹೆಚ್ಚಿನವರು ಕೂಡಲೇ ಬಂದರು, ಕೊನೆಯ ಕ್ಷಣದವರೆಗೂ ಒಳಗೇ ಉಳಿದದ್ದು ಜೋಯಿಡಾದವರು. ಬಂದಾಗಲೂ ಅಕ್ಕ ಕೊಂಕಣಿಯಲ್ಲಿ ಯಾರಿಗೋ ಏನೋ ಹೇಳಿ ನಗುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ಅಷ್ಟು ಸಾಕಿತ್ತು, ನನ್ನ ಮಾತು ಉಳಿದಿತ್ತು. ಎಲ್ಲರೂ “ಬರ್ತೇವ್ರಿ” ಎಂದು ಒಬ್ಬೊಬ್ಬರಾಗಿ ಆರಿಹೋದರು.

ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ನಲ್ಲಿಯಲ್ಲಿ ನೀರು ಬಂದಿತ್ತು. ಕೊಡ ತೊಳೆದು ಹಿಡಿಯಲು ಇಟ್ಟೆ.