ಮೀಸೆಯ ಜೋಕಿಗೆ ತಡವಾಗಿ ಬಂದ ಉತ್ತರ

ಕನ್ನಡಕದಂಗಡಿಯಲ್ಲಿ ಫ್ರೇಮು ಬಗ್ಗಿಸಿ, ಗಿರಾಕಿಯ ಕಿವಿಗೆ ಹೊಂದಿಸಿಕೊಡುವುದು ಅವಳ ಕೆಲಸ. ಮನೆಯವರು ಅವಳಿಗೆ ಇಟ್ಟ ಹೆಸರು ಸಂಧಾನಕ್ಕ. ಯಾರು ಯಾರ ಮೇಲೆ ಮುಖ ಊದಿಸಿಕೊಂಡರೂ ಅವಳ ಫೋನು ಮೊಳಗುತ್ತಿತ್ತು. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಬೇಕು.

ಆ ದಿನ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸೋದರಮಾವನ ಜೋಕು ಬಂತು: ‘ಗಂಡಸು ನರ್ಸ್ ಆದರೆ ಆ ಮನೆಯಲ್ಲಿ ಮೀಸೆ ಯಾರಿಗೆ? ಹೆಂಡತಿಗೆ!’ ಮಾವನಿಗೆ ಯಾರೋ ಕಳಿಸಿದ್ದನ್ನೆಲ್ಲ ಗುಂಪಿಗೆ ತಳ್ಳುವ ಚಟ. ಅತ್ತೆ ನಗುವ ಮುಖ ಹಾಕಿದಳು, ಅತ್ತೆಯ ಮಗ ಸಾಲಾಗಿ ಹಾಕಿದ, ಚಿಕ್ಕಪ್ಪನೂ ಹಾಕಿದ. ಸಂಧಾನಕ್ಕನ ತಂಗಿಯ ಗಂಡ ಆಸ್ಪತ್ರೆಯೊಂದರಲ್ಲಿ ನರ್ಸ್. ಅವನೂ ಆ ಗುಂಪಿನಲ್ಲಿದ್ದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಾತು ಕಡಿಮೆ, ಈ ಮನೆಯಲ್ಲಿ ಇನ್ನೂ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದವನು.

ಸಂಧಾನಕ್ಕ ಉತ್ತರ ಬರೆಯಲು ಫೋನು ಕೈಗೆತ್ತಿಕೊಂಡಳು. ‘ಮಾವ, ಇದು ತುಂಬಾ ತಪ್ಪು’ ಎಂದು ಬರೆದಳು. ಎಲ್ಲರೆದುರು ತಪ್ಪು ಅಂದರೆ ಮಾವನ ಸಿಟ್ಟು ನೆತ್ತಿಗೇರುತ್ತದೆ, ಅತ್ತೆ ಅವರ ಪರ ನಿಲ್ಲುತ್ತಾಳೆ, ಹಳೆಯ ಜಗಳಗಳನ್ನೆಲ್ಲ ಕೆದಕುತ್ತಾರೆ. ಅಳಿಸಿದಳು. ‘ಮೀಸೆ ಇರ್ಲಿ, ನಿಮ್ಮ ತಲೆಗೂದಲು ಯಾರಿಗೆ ಕೊಟ್ರಿ?’ ಎಂದು ಬರೆದು ತಾನೇ ನಕ್ಕಳು. ಅದು ಸಿಡಿಮದ್ದಿಗೆ ಬೆಂಕಿ ಹಚ್ಚುವ ಮಾತು. ಅದನ್ನೂ ಅಳಿಸಿ, ಗುಂಪಿನಲ್ಲಿ ಏನೂ ಬರೆಯದೆ ಮಾವನಿಗೇ ಫೋನು ಮಾಡಿದಳು.

“ಮಾವ, ನೀವು ಯಾರನ್ನೂ ನೋಯಿಸ್ಬೇಕು ಅಂತ ಹಾಕ್ಲಿಲ್ಲ, ನಂಗೊತ್ತು. ಆದ್ರೆ ನಮ್ಮನೆ ಅಳಿಯಂದ್ರೇ ಆ ಕೆಲಸದಲ್ಲಿದಾರಲ್ಲ.”

“ಅಯ್ಯೋ ಹೌದಲ್ಲಮ್ಮ! ಸರಿಯಾಗಿ ಓದದೇನೇ ತಳ್ಬಿಟ್ಟೆ. ತೆಗೀತೀನಿ ಬಿಡು.”

ಮಾವ ಹೇಳಿದಂತೆ ತೆಗೆದರು. ಜೋಕಿನ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಷ್ಟೇ ಉಳಿಯಿತು, ಕೆಳಗೆ ನಗುವ ಮುಖಗಳು. ಯಾರ ಮಾನವೂ ಹೋಗದೆ ಮುಗಿಯಿತು ಎಂದುಕೊಂಡ ಸಂಧಾನಕ್ಕ ಖುಷಿಯಿಂದ ಫ್ರೇಮುಗಳನ್ನು ಒರೆಸಲು ಕೂತಳು.

ಸಂಜೆ ತಂಗಿಯ ಗಂಡ ಗುಂಪು ಬಿಟ್ಟುಹೋದ. ಅವಳು ತಂಗಿಗೆ ಫೋನು ಮಾಡಿದಳು.

“ಅವ್ರು ಬಸ್ಸಲ್ಲೇ ಓದಿದ್ರು ಅಕ್ಕ. ಎಲ್ರೂ ನಕ್ಕಿದ್ದೂ ನೋಡಿದ್ರು. ಆಮೇಲೆ ಅಳಿಸಿದ್ರಲ್ಲ, ‘ನನ್ನ ಕಣ್ಣಿಗೆ ಬೀಳ್ಬಾರ್ದು ಅಂತ ಮುಚ್ಚಿಟ್ರು, ಹಿಂದೆ ಇನ್ನೇನೇನು ಮಾತಾಡ್ಕೋತಾರೋ’ ಅಂದ್ರು. ನೀನು ಏನೋ ಬರೀತಿದೀಯ ಅಂತ ಅಲ್ಲಿ ತೋರಿಸ್ತಂತೆ, ಆಮೇಲೆ ಏನೂ ಬರ್ಲಿಲ್ವಂತೆ.”

“ನಾನೇ ಕಣೇ ಮಾವನಿಗೆ ಹೇಳಿ ತೆಗೆಸಿದ್ದು!”

“ಮಾವನಿಗೆ ಹೇಳಿದೆ, ಸರಿ. ನಮಗೆ ಕೇಳಿಸ್ಲಿಲ್ವಲ್ಲ ಅಕ್ಕ.”

ಮಾವನ ಮಾನ ಉಳಿಸಲು ಅಷ್ಟು ಯೋಚಿಸಿದವಳಿಗೆ ಏಟು ತಿಂದವನ ನೆನಪು ಹೇಗೆ ಜಾರಿತು? ಜೋಕು ಹತ್ತು ಜನರೆದುರು ಬಿದ್ದಿತ್ತು, ಅವಳ ಒಳ್ಳೆಯ ಮಾತು ಒಬ್ಬರ ಕಿವಿಯಲ್ಲಿ ಮುಗಿದಿತ್ತು. ಅವಳಿಗೆ ತನ್ನ ಮೇಲೇ ಕೋಪ ಬಂತು.

ಮರುದಿನ ಬೆಳಿಗ್ಗೆ ಮೊದಲು ಮಾವನಿಗೆ ಫೋನು ಮಾಡಿ, “ಗುಂಪಲ್ಲೂ ಒಂದು ಮಾತು ಬರೀತೀನಿ ಮಾವ, ಬೇಜಾರು ಮಾಡ್ಕೋಬೇಡಿ” ಎಂದಳು. ಆಮೇಲೆ ಬರೆದಳು: ‘ಮಾವ, ನಿಮ್ಮ ಜೋಕಿಗೆ ಮೊದಲು ನಗೋಳು ನಾನೇ. ನಿನ್ನೇದಕ್ಕೆ ಮಾತ್ರ ನಗು ಬರ್ಲಿಲ್ಲ. ನಮ್ಮ ಅಳಿಯಂದ್ರು ನರ್ಸ್, ಅದು ನಂಗೆ ಹೆಮ್ಮೆ. ನೀವು ತೆಗೆದಿದ್ದು ಒಳ್ಳೇದಾಯ್ತು. ಅತ್ತೆ ಮಂಡಿನೋವು ಹೇಗಿದೆ?’ ಯಾರನ್ನೂ ಬೈದಿರಲಿಲ್ಲ, ತನಗನಿಸಿದ್ದನ್ನು ಬಿಟ್ಟಿರಲಿಲ್ಲ, ಮಾವ ಹೊರಬರಲು ಕೊನೆಯಲ್ಲೊಂದು ಬಾಗಿಲನ್ನೂ ತೆರೆದಿಟ್ಟಿದ್ದಳು.

ಮಾವ ಬರೆದರು: ‘ಸರಿಯಾಗಿ ಹೇಳ್ದೆ ಕಣಮ್ಮ, ನಂದು ತಪ್ಪಾಯ್ತು. ಮಂಡಿ ಪರವಾಗಿಲ್ಲ.’ ಅತ್ತೆಯ ಮಗ ತನ್ನ ನಗುವ ಮುಖಗಳನ್ನು ಸದ್ದಿಲ್ಲದೆ ಅಳಿಸಿದ. ಜಗಳವೂ ಇಲ್ಲ, ರಂಪವೂ ಇಲ್ಲ. ಅವಳು ಹೆದರಿದ್ದ ಯುದ್ಧ ಅಲ್ಲಿ ಇರಲೇ ಇಲ್ಲ.

ಆ ಮಾತುಗಳ ಸ್ಕ್ರೀನ್‌ಶಾಟ್ ತೆಗೆದು ತಂಗಿಗೆ ಕಳಿಸಿದಳು. ತಂಗಿಯ ಉತ್ತರ ಬಂತು.

‘ಅವ್ರಿಗೆ ತೋರಿಸ್ದೆ ಅಕ್ಕ. ಅಕ್ಕ ಚೆನ್ನಾಗಿ ಬರೆದಿದಾರೆ ಅಂದ್ರು. ತಾವು ಗುಂಪಲ್ಲಿದ್ದಾಗ್ಲೇ ಬರೆದಿದ್ರೆ ಹೋಗ್ತಾನೇ ಇರ್ಲಿಲ್ಲ ಅಂದ್ರು.’

ಅವರನ್ನು ಮತ್ತೆ ಗುಂಪಿಗೆ ಸೇರಿಸಲೇ ಎಂದು ಅವಳು ಕೇಳಿದಳು. ಸದ್ಯಕ್ಕೆ ಬೇಡವಂತೆ ಎಂದು ತಂಗಿ ಬರೆದಳು.