ಮ ಅಕ್ಷರದ ಪುಟದಲ್ಲಿ ಹೊಡೆದ ಸಾಲು

ಹುಮನಾಬಾದಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ರೋಗಿಗಳು ತಮ್ಮ ನೋವನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಅದನ್ನು ಹಾಗೆಯೇ ಒಂದು ನೋಟ್‌ಬುಕ್ಕಿನಲ್ಲಿ ಗೀಚಿಡುವುದು ನನ್ನ ಚಟ. ದಮ್ಮು, ಚಕ್ಕರ್, ತಳಮಳ, ಹಿಂದುಮುಂದು ಇಲ್ಲದೆ ನೂರಾರು. ದಕ್ಷಿಣದ ಜಿಲ್ಲೆಯಿಂದ ಬಂದ ತರುಣ ಡಾಕ್ಟರಿಗೆ ನಮ್ಮ ಮಾತು ಅರ್ಧವೂ ತಿಳಿಯುತ್ತಿರಲಿಲ್ಲ. "ಸಿಸ್ಟರ್, ಇವರು ಏನಂತಿದಾರೆ?" ಎಂದು ದಿನಕ್ಕೆ ಹತ್ತು ಸಲ ಕರೆಯುವರು. ಕೊನೆಗೆ ಆಸ್ಪತ್ರೆಯ ದೊಡ್ಡ ಡಾಕ್ಟರು ಆ ನೋಟ್‌ಬುಕ್ಕನ್ನು ಪದಕೋಶ ಮಾಡಿಕೊಡಲು ಹೇಳಿದರು. ಮೂರೇ ಕಾಲಮ್ಮು: ಪದ, ಅರ್ಥ, ಉದಾಹರಣೆ.

"ತಲಿ, ಎದಿ, ಹೊಟ್ಟಿ, ಹಿಂಗ ಅಂಗದ ಪ್ರಕಾರ ಜೋಡಸ್ರಿ" ಎಂದರು.

"ಯಾವ ಅಂಗ ಅಂತ ಗೊತ್ತಿದ್ದರ ಆ ಹೊಸ ಡಾಕ್ಟರು ಪುಸ್ತಕ ಯಾಕ ತೆಗೀತಾರ್ರಿ? ಕಿವಿಗೆ ಬೀಳೋದು ಪದ. ಅಕಾರಾದಿ ಇದ್ದರೇ ಸಿಗತದ" ಎಂದೆ. ನನಗೆ ಎದುರು ಮಾತಾಡುವ ಕೆಟ್ಟ ಗುಣವಿದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಗೊಣಗುತ್ತಲೇ ಒಪ್ಪಿದರು.

ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಭಾನುವಾರ ಚೀಟಿ ಹರಡಿಕೊಂಡು ಕೂತೆ. ಚೀಟಿಗೊಂದು ಪದ. ಮೊದಲು ಮೊದಲಕ್ಷರದ ಗುಡ್ಡೆಗಳು, ಆಮೇಲೆ ಒಂದೊಂದು ಗುಡ್ಡೆಯೊಳಗೆ ಕಾಗುಣಿತದ ಸಾಲು, ಅದರೊಳಗೆ ಎರಡನೆಯ ಅಕ್ಷರ. ಅಂಗಾಲು ಉರಿ ಮೊದಲು, ಅಜೀರ್ಣ ಆಮೇಲೆ. ಎಲ್ಲ ಸರಿಯಾಯಿತು ಎಂದು ಡಿಟಿಪಿ ಅಂಗಡಿಗೆ ಕೊಟ್ಟರೆ, ಅಲ್ಲಿಯ ಅಕ್ಕ ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಜೋಡಿಸಿ ಕೆಡಿಸಿಟ್ಟಿದ್ದಳು. ತಲಿನೋವು, ತಳಮಳ, ತಹತಹ ಎಂದಿತ್ತು. ಳ ಬರುವುದು ಹ ಆದ ಮೇಲೆ, ತಹತಹವೇ ಮೊದಲು ಎಂದೆ.

"ಕಂಪ್ಯೂಟರ್ ಹಂಗ ತಗೊಂಡದ್ರಿ" ಎಂದಳು.

"ಹಂಗಾರ ಅದು ಸಾಲಿಗಿ ಹೋಗಿ ಕಲ್ತಿಲ್ಲವ್ವ. ನೀ ಕೈಲೇ ಹಚ್ಚು" ಎಂದೆ. ನಗುತ್ತ ಹಚ್ಚಿದಳು.

ಅಚ್ಚಿಗೆ ಮುಂಚಿನ ಪ್ರತಿಯನ್ನು ದೊಡ್ಡ ಡಾಕ್ಟರು ನೋಡಿ ಕಳಿಸಿದರು. ಮ ಅಕ್ಷರದ ಪುಟದಲ್ಲಿ ಮೈ ಕಡಿತ ಇತ್ತು, ಮೈ ನೋವು ಇತ್ತು. ಅದರ ಕೆಳಗಿನ ಸಾಲಿನ ಮೇಲೆ ಕೆಂಪು ಗೀಟು. ಹೊಡೆದದ್ದು "ಮೈ ಹೊರಗ ಬರೋದು" ಎಂಬುದನ್ನು. ಗರ್ಭಕೋಶ ಜಾರಿ ಕೆಳಗಿಳಿಯುವುದಕ್ಕೆ ನಮ್ಮ ಹೆಂಗಸರು ಹೇಳುವ ಮಾತು ಅದು. ನನ್ನ ಮೈ ಉರಿದುಹೋಯಿತು. ಕಾಗದ ಹಿಡಿದುಕೊಂಡೇ ಅವರ ಕೋಣೆಗೆ ಹೋದೆ.

"ಇವೆಲ್ಲ ಅಚ್ಚಿನ್ಯಾಗ ಬ್ಯಾಡ್ರಿ ಸಿಸ್ಟರ್. ಒಂದೀಟು ನಾಚಿಕಿ ಇರಬೇಕು."

"ನಾಚಿಕೀಲೇ ನಮ್ಮವ್ವ ಹನ್ನೆರಡು ವರ್ಷ ಅನುಭವಿಸ್ಯಾಳ್ರಿ" ಎಂದೆ. ಅವ್ವ ಮಂಠಾಳದಲ್ಲಿ ಕುರಿ ಕಾಯುತ್ತಿದ್ದವಳು. ಒಂದೇ ಒಂದು ಸಲ ಧೈರ್ಯ ಮಾಡಿ ಯಾವುದೋ ಡಾಕ್ಟರ ಮುಂದೆ ಬಾಯಿಬಿಟ್ಟಿದ್ದಳು. ಆತನಿಗೆ ತಿಳಿಯಲಿಲ್ಲ, ತಿರುಗಿ ಕೇಳಲೂ ಇಲ್ಲ, ಟಾನಿಕ್ ಬರೆದುಕೊಟ್ಟ. ಅವಳು ಅದನ್ನು ಕುಡಿದು ಸುಮ್ಮನಾದಳು. ಕೋಶದಲ್ಲಿ ಆ ಪದದ ಉದಾಹರಣೆಗೆ ನಾನು ಬರೆದದ್ದು ಅವಳು ಅಂದು ಹೇಳಿದ ಮಾತನ್ನೇ.

ದೊಡ್ಡ ಡಾಕ್ಟರು ತುಸು ಮೆತ್ತಗಾದರು. "ಆತು, ಪದ ಇರಲಿ. ಅರ್ಥ ಇಂಗ್ಲಿಷಿನ್ಯಾಗ ಹಾಕ್ರಿ. ಉದಾಹರಣಿ ಖಾಲಿ ಬಿಡ್ರಿ."

"ಎಲ್ಲಾ ಪದಕ್ಕೂ ಮೂರು ಕಾಲಮ್ ತುಂಬೇದ. ಇದೊಂದಕ್ಕ ಯಾಕ ಖಾಲಿ? ಬಿಡಂಗಿಲ್ರಿ."

ಅವರು ತಲೆ ಎತ್ತದೆ ಹೋಗಲು ಕೈ ಮಾಡಿದರು. ನಾನು ನೇರ ಡಿಟಿಪಿ ಅಂಗಡಿಗೆ ಹೋಗಿ, ಆ ಸಾಲು ಮೂರೂ ಕಾಲಮ್ಮಿನ ಸಮೇತ ಎಲ್ಲಿತ್ತೋ ಅಲ್ಲೇ ಇರಲಿ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು ಎಂದೆ. ಪುಸ್ತಕ ಹಾಗೆಯೇ ಅಚ್ಚಾಯಿತು.

ಮಾರನೆಯ ವಾರ ಕೊಹಿನೂರು ಹಳ್ಳಿಯ ಒಬ್ಬ ಹೆಣ್ಣುಮಗಳು ತರುಣ ಡಾಕ್ಟರ ಮುಂದೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅದೇ ಮಾತನ್ನು ಅರ್ಧ ನುಂಗಿ ಹೇಳಿದಳು. ಡಾಕ್ಟರು ನನ್ನನ್ನು ಕರೆಯಲಿಲ್ಲ. ಪುಸ್ತಕ ತೆಗೆದು ಮ ಅಕ್ಷರಕ್ಕೆ ಹೋದರು, ಬೆರಳು ಕೆಳಗಿಳಿಸುತ್ತ ಬಂದು ನಿಂತರು, ಓದಿದರು. ಮೆಲ್ಲಗೆ ಕೇಳಿದರು, "ಎಷ್ಟು ವರ್ಷ ಆಯ್ತಮ್ಮಾ?" ಅವಳು ಸೆರಗು ಬಿಟ್ಟು ಅವರ ಮುಖ ನೋಡಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಅಳು ಬಂತು.

ಅದೇ ಸಂಜೆ ದೊಡ್ಡ ಡಾಕ್ಟರ ಮೆಮೊ ನನ್ನ ಮೇಜಿನ ಮೇಲಿತ್ತು. ಖಾಲಿ ಬಿಡಲು ಹೇಳಿದ ಉದಾಹರಣೆಯನ್ನು ಏಕೆ ಇಟ್ಟಿರಿ, ಲಿಖಿತ ಉತ್ತರ ಕೊಡಿ. ಬಿಳಿ ಹಾಳೆಯ ಮೇಲೆ ಮೂರು ಕಾಲಮ್ಮು ಗೀಟು ಹಾಕಿ, ಉದಾಹರಣೆಗೆ ಈ ಸಲ ಅವ್ವನ ಮಾತಿನ ಬದಲು ಕೊಹಿನೂರಿನವಳು ಅಂದು ಹೇಳಿದ್ದನ್ನು ತುಂಬಿ, ಕೆಳಗೆ ಸಹಿ ಮಾಡಿ ಕಳಿಸಿದೆ.

ಪದ: ಮೈ ಹೊರಗ ಬರೋದು.

ಅರ್ಥ: ಗರ್ಭಕೋಶ ಜಾರಿ ಕೆಳಗಿಳಿಯುವುದು.

ಉದಾಹರಣೆ: "ಮೈ ಹೊರಗ ಬರಾಕತ್ತಿ ಏಳು ವರ್ಷ ಆತ್ರಿ. ಎಷ್ಟು ವರ್ಷ ಆತು ಅಂತ ಕೇಳಿದವರು ನೀವೇ ಮೊದಲು."